ಯಾರೂ ನೋಡದ ಮರ

ಇರೋದು ಅಂದ್ರೆ ಯಾರಿಗಾದ್ರೂ ಕಾಣಿಸೋದು ಅಂತ 1710ರಲ್ಲಿ ಬರೆದ ಐರ್ಲೆಂಡಿನ ಜಾರ್ಜ್ ಬರ್ಕ್ಲಿ. ಹಾಗಾದ್ರೆ ಯಾರೂ ಇಲ್ಲದ ತೋಪಿನ ಮರಗಳ ಗತಿ? ಈ ಪ್ರಶ್ನೆಗೆ ಅದೇ ಪುಸ್ತಕದಲ್ಲಿ ಅವನ ಉತ್ತರವೂ ಇದೆ: ಅಂಥ ಮರವನ್ನು ನೀವು ಕಲ್ಪಿಸಿಕೊಂಡ ಕೂಡಲೇ ಅದು ನಿಮ್ಮ ಮನಸ್ಸಿಗೆ ಬಂತಲ್ಲ!

ಬಾಯಿ ಮುಚ್ಚಿಸುವ ಮಾತು. ಆದರೆ ಯೋಚನೆ ಬೇರೆ, ಯೋಚನೆಗೆ ಸಿಕ್ಕ ವಸ್ತು ಬೇರೆ. 1912ರಲ್ಲಿ ರಸೆಲ್ ಬಿಡಿಸಿ ತೋರಿಸಿದ್ದು ಇದನ್ನೇ. ಊರಲ್ಲಿ ಬೀಗ ಹಾಕಿದ ನಮ್ಮನೆ ಹಿತ್ತಲಿನ ಹಲಸಿನ ಮರವನ್ನು ಇಲ್ಲಿ ಕೂತು ನೆನೀತೀನಿ. ನನ್ನ ತಲೆಯಲ್ಲಿರೋದು ನೆನಪು, ಮರ ಅಲ್ಲ. ಈ ವರ್ಷ ಎಷ್ಟು ಕಾಯಿ ಬಿಟ್ಟಿದೆ ಅಂತ ಆ ನೆನಪನ್ನು ಕೇಳಿದ್ರೆ ಉತ್ತರ ಸಿಗಲ್ಲ.

ಹಾಗಂತ ಮರ ಅಲ್ಲಿದೆ ಅಂತೇನೂ ಇದರಿಂದ ಸಾಬೀತಾಗಲಿಲ್ಲ. ಬಿದ್ದದ್ದು ಬರ್ಕ್ಲಿಯ ಒಂದು ವಾದ, ಅಷ್ಟೇ. ಯಾರಿಲ್ಲದಿದ್ರೂ ದೇವರು ನೋಡ್ತಿರ್ತಾನೆ ಅನ್ನೋ ಅವನ ಇನ್ನೊಂದು ಉತ್ತರ ಇನ್ನೂ ನಿಂತೇ ಇದೆ.