ಸೀರೆ 16, ಉಡೋಕೆ ಆಗೋದು 9

ಬೀರು ತುಂಬಾ ಸೀರೆ ಇದ್ರೂ "ಉಡೋಕೆ ಏನೂ ಇಲ್ಲ" ಅನ್ನೋ ಮಾತಿಗೆ ನಮ್ಮನೇಲಿ ಎಲ್ಲರೂ ನಗ್ತಾರೆ. ಆದರೆ ಅದು ನಿಜ ಅಂತ ನನಗೆ ಲೆಕ್ಕ ಸಮೇತ ತೋರಿಸಿದ್ದು ಮೊಬೈಲಿನಲ್ಲಿ ಮಾಡಿಕೊಂಡ ಒಂದು ಆಲ್ಬಂ. ಕೊರತೆ ಇದ್ದದ್ದು ಸೀರೆಯದಲ್ಲ, ರವಿಕೆಯದು.

ಯಲಹಂಕದ ನಮ್ಮ ಮನೆಯ ಬೀರುವಿನಲ್ಲಿ 16 ಸೀರೆ, 11 ರವಿಕೆ ಇವೆ. ಅರ್ಧಕ್ಕರ್ಧ ಸೀರೆ ಅಮ್ಮ ಕೊಟ್ಟಿದ್ದು. ಅವು ಸುಮ್ಮನೆ ಮಡಿಕೆಯಲ್ಲೇ ಇದ್ದರೆ ಜರಿ ಮುರಿಯುತ್ತೆ, ರೇಷ್ಮೆ ಮಡಿಸಿದ ಕಡೆಯೇ ಸೀಳುತ್ತೆ. ಹಾಗಾಗಿ ಉಡಲೇಬೇಕು ಅಂತ ಒಂದು ಭಾನುವಾರ ಎಲ್ಲವನ್ನೂ ಹೊರಗೆ ತೆಗೆದೆ.

ಫೋಟೊ ತೆಗೆಯೋಕೆ ಬೆಳಿಗ್ಗೆ ಹತ್ತರ ಹೊತ್ತಿಗೆ ಕಿಟಕಿ ಪಕ್ಕದ ಮಂಚ ಸಾಕು. ಟ್ಯೂಬ್‌ಲೈಟ್ ಆರಿಸಿ, ಫ್ಲಾಶ್ ಬೇಡ. ಮಂಚದ ಮೇಲೆ ಬಿಳಿ ಪಂಚೆ ಹಾಸಿ, ಅದರ ಅಂಚು ಪ್ರತಿ ಫೋಟೊದಲ್ಲೂ ಕಾಣುವ ಹಾಗೆ ತೆಗೆದೆ. ಫೋಟೊದಲ್ಲಿ ಪಂಚೆ ಹಳದಿಯಾಗೋ ನೀಲಿಯಾಗೋ ಕಂಡರೆ ಸೀರೆಯ ಬಣ್ಣವೂ ಸುಳ್ಳು ಅಂತ ಅರ್ಥ, ಮತ್ತೆ ತೆಗೀಬೇಕು. ಸೀರೆಯನ್ನು ಒಡಲು, ಅಂಚು, ಸೆರಗು ಮೂರೂ ಒಂದೇ ಫೋಟೊದಲ್ಲಿ ಬರುವಂತೆ ಮಡಿಸಿಡಬೇಕು.

ರವಿಕೆಗೆ ಮಾತ್ರ ಎರಡು ಫೋಟೊ. ಒಂದು ಮೇಲಿನಿಂದ. ಇನ್ನೊಂದು ಒಳಮಗ್ಗುಲು ತಿರುಗಿಸಿ, ಪಕ್ಕದ ಹೊಲಿಗೆ ಕಾಣುವಂತೆ. ಹೊಲಿಗೆಯ ಆಚೆ ಬಟ್ಟೆ ಬಿಟ್ಟಿದ್ದರೆ ರವಿಕೆ ಸಡಿಲಿಸಬಹುದು. ಕತ್ತರಿಸಿಬಿಟ್ಟಿದ್ದರೆ ಅಲ್ಲಿಗೆ ಮುಗೀತು. ಪ್ರತಿಯೊಂದನ್ನೂ ಒಮ್ಮೆ ತೊಟ್ಟು ನೋಡಿ, ಫೋಟೊದ ಕೆಳಗೆ "ಸರಿ", "ಸಡಿಲಿಸಬಹುದು", "ಆಗಲ್ಲ" ಅಂತ ಒಂದು ಮಾತು, ಜೊತೆಗೆ ನೋಡಿದ ತಿಂಗಳು ಬರೆದೆ. ತಿಂಗಳು ಯಾಕೆ ಅಂದರೆ, ಮೈ ಬದಲಾದ ಹಾಗೆ ಈ ಮಾತು ಹಳತಾಗುತ್ತೆ.

ತೊಟ್ಟು ನೋಡಿದಾಗ 11ರಲ್ಲಿ ಸರಿಯಾಗಿದ್ದು ಐದು, ಸಡಿಲಿಸಬಹುದಾದದ್ದು ಮೂರು, ಆಗದೇ ಇದ್ದದ್ದು ಮೂರು.

ಆಮೇಲೆ ಸೀರೆಗಳನ್ನು ಒಡಲಿನ ಬಣ್ಣದ ಮೇಲಲ್ಲ, ಅಂಚಿನ ಬಣ್ಣದ ಮೇಲೆ ಜೋಡಿಸಿದೆ. ಇದು ಅಮ್ಮನ ಲೆಕ್ಕ. "ಅಂಚಿಗೆ ರವಿಕೆ ಹೊಲಿಸಿದ್ರೆ ಒಂದರಲ್ಲಿ ನಾಲ್ಕು ಸೀರೆ ಕಳೀತದೆ ಕಣೇ" ಅಂತಿದ್ರು. ಹಸಿರಂಚಿನವು ನಾಲ್ಕು, ಕಪ್ಪಂಚಿನವು ಎರಡು, ಒಂದೊಂದು ಬಗೆಯವು ನಾಲ್ಕು. ಉಳಿದ ಆರು ಮೆರೂನ್ ಸಾಲಿಗೆ ಬಂದವು. ಎರಡು ಇಳಕಲ್ ಸೀರೆಗಳನ್ನೂ ಅವುಗಳ ಕೆಂಪು ಸೆರಗು ನೋಡಿ ಅಲ್ಲೇ ಸೇರಿಸಿದೆ.

ಸರಿಯಿದ್ದ ಐದು ರವಿಕೆಗಳಲ್ಲಿ ಒಂದು ಹಸಿರು, ಒಂದು ಕಪ್ಪು; ಮೂರು ಒಂದೊಂದು ಸೀರೆಗೆ ಮಾತ್ರ ಹೊಂದುವಂಥವು. ಅಂದರೆ ನಾಲ್ಕು, ಎರಡು, ಮೂರು: ಒಟ್ಟು ಒಂಬತ್ತು ಸೀರೆ. ಒಂದು ರವಿಕೆ ಸಡಿಲಿಸಿದರೆ ಹತ್ತನೆಯದು. ಮೆರೂನ್ ರವಿಕೆ ಎರಡಿದ್ದವು, ಎರಡರ ಕೆಳಗೂ "ಆಗಲ್ಲ" ಅಂತಲೇ ಇತ್ತು. ಅಮ್ಮನ ಒಳ್ಳೊಳ್ಳೆ ಸೀರೆಗಳೆಲ್ಲ ಆ ಆರರಲ್ಲೇ ಸಿಕ್ಕಿಕೊಂಡಿದ್ದವು. ಬೇಕಾಗಿದ್ದದ್ದು ಹೊಸ ಸೀರೆಯಲ್ಲ, ಒಂದು ಮೆರೂನ್ ರವಿಕೆ. ನಾನು ಆರಿಸಿದ್ದು ಗುಳೇದಗುಡ್ಡದ ಖಣ. ಇಳಕಲ್ ಸೀರೆಗೆ ಅದು ಹಳೇ ಜೋಡಿ. ನೇಯ್ಗೆಯಲ್ಲೇ ಸಣ್ಣ ವಿನ್ಯಾಸ ಇರೋದರಿಂದ ಬಣ್ಣ ಕೂದಲೆಳೆಯಷ್ಟು ಆಚೀಚೆ ಆದರೂ ಕಣ್ಣಿಗೆ ಹೊಡೆಯಲ್ಲ.

ಆದರೆ ಬಟ್ಟೆ ತರೋಕೆ ಫೋಟೊ ನಂಬಿ ಹೋಗೋ ಹಾಗಿಲ್ಲ. ಏನು ಕಡಿಮೆ ಇದೆ ಅಂತ ಆಲ್ಬಂ ಹೇಳುತ್ತೆ, ಯಾವ ಛಾಯೆ ಅಂತ ಹೇಳಲ್ಲ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣದ ರೇಷ್ಮೆಯಂತೂ ತಿರುಗಿಸಿದ ಹಾಗೆಲ್ಲ ಬೇರೆ ಕಾಣುತ್ತೆ. ಮೊಬೈಲು ಅದರಲ್ಲಿ ಒಂದನ್ನಷ್ಟೇ ಹಿಡಿಯುತ್ತೆ. ಆ ಆರರಲ್ಲಿ ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಹೋಗಿ, ಅಂಗಡಿಯವರನ್ನು ಕೇಳಿ, ಬಟ್ಟೆಯನ್ನು ಬಾಗಿಲಾಚೆ ಬಿಸಿಲಿಗೆ ತಂದು ಅಂಚಿಗೆ ಹಿಡಿದು ನೋಡಿದೆ. ಒಳಗೆ ಒಂದೇ ಥರ ಕಂಡಿದ್ದ ಎರಡು ಮೆರೂನಲ್ಲಿ ಒಂದು ಹೊರಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು.

ಹೊಲಿಯೋಕೆ ಕೊಟ್ಟಿದ್ದು ಆಷಾಢದಲ್ಲಿ, ಆರ್.ಟಿ. ನಗರದ ಟೈಲರ್ ಹತ್ತಿರ. ಶ್ರಾವಣ ಬಂತು ಅಂದ್ರೆ ವರಮಹಾಲಕ್ಷ್ಮಿ, ಮದುವೆ ಅಂತ ಅವರ ಮೇಜಿನ ಮೇಲೆ ಜಾಗ ಇರಲ್ಲ. "ಪಕ್ಕದಲ್ಲಿ ಒಂದೂವರೆ ಇಂಚು ಬಟ್ಟೆ ಒಳಗೇ ಬಿಡಿ ಅಣ್ಣ" ಅಂತ ಹೇಳಿ ಬಂದೆ. ರವಿಕೆ ಬಂದ ದಿನ ಅದರದ್ದೂ ಒಳಮಗ್ಗುಲ ಫೋಟೊ ತೆಗೆದೆ.

ಈಗ ಸೀರೆ ಉಟ್ಟ ದಿನ ಆ ಫೋಟೊ ಕೆಳಗೆ ತಾರೀಕು, ಯಾರ ಮನೆ ಕಾರ್ಯಕ್ರಮ ಅಂತ ಬರೀತೀನಿ. "ಇದನ್ನೇ ಉಟ್ಟಿದ್ದೆ ಅಲ್ವಾ ಸೀಮಂತಕ್ಕೂ" ಅಂತ ದೊಡ್ಡಮ್ಮ ಕೇಳಿದರೆ ಉತ್ತರ ಇರುತ್ತೆ. ಅದಕ್ಕಿಂತ ಮುಖ್ಯವಾಗಿ, ವರ್ಷ ಕಳೆದರೂ ತಾರೀಕು ಬೀಳದ ಸೀರೆ ಯಾವುದು ಅಂತ ತಿಳಿಯುತ್ತೆ. ಅದನ್ನು ತೆಗೆದು, ಗಾಳಿಗೆ ಹರವಿ, ಮಡಿಕೆ ಬದಲಿಸಿ ಇಡ್ತೀನಿ.