ಕಣದ ದೂಳು, ರಸ್ತೆಯ ಹೊಗೆ

ರಾಗಿ ತೂರುವಾಗ ಮೂಗು ಬಾಯಿಗೆ ಟವಲು ಸುತ್ತಿಕೊಂಡು ನಿಂತವನು ನಾನು. ಸಂಜೆ ಮುಖ ತೊಳೆದು, ಮೂಗು ಸೀಟಿ, ಬಾಯಿ ಮುಕ್ಕಳಿಸಿದರೆ ಆಯ್ತು, ರಾತ್ರಿ ಪದ ಹೇಳೋಕೆ ಗಂಟಲು ಸಿದ್ಧವಾಗಿರೋದು. ಅದಕ್ಕೇ ದೂಳು ಅಂದರೆ ನನಗೆ ಗೊತ್ತು ಅಂತ ತಿಳಿದಿದ್ದೆ.

ಹೋದ ವರ್ಷ ಬೊಮ್ಮಸಂದ್ರದ ಹತ್ತಿರ ಕೆಲವು ಹುಡುಗರಿಗೆ ಪದ ಕಲಿಸೋಕೆ ಹತ್ತು ದಿನ ಹೋಗಿ ಬರಬೇಕಾಯ್ತು. ನನ್ನ ಮಗ ಅಲ್ಲಿನ ಕಾರ್ಖಾನೆಗೆ ದಿನಾ ಬೈಕಲ್ಲಿ ಹೋಗ್ತಾನೆ. ಅವನ ಹಿಂದೆ ಕೂತೆ. ಹೊಸೂರು ದಾಟಿ, ಅತ್ತಿಬೆಲೆ, ಚಂದಾಪುರದವರೆಗೂ ಲಾರಿ, ಬಸ್ಸು. ಗಾಡಿಗಳು ನಿಂತಲ್ಲೇ ನಿಂತು ಹೊಗೆ ಬಿಡ್ತವೆ, ನಾವು ಅದರ ನಡುವೆ. ಹೆಗಲ ಮೇಲಿನ ಟವಲನ್ನೇ ಮುಖಕ್ಕೆ ಸುತ್ತಿಕೊಂಡೆ. ನಾಲ್ಕನೇ ದಿನಕ್ಕೆ ಗಂಟಲಲ್ಲಿ ಜೋಳದ ಗರಿ ಸಿಕ್ಕಿಕೊಂಡ ಹಾಗೆ ಕೆರೆತ ಶುರುವಾಯ್ತು. ವಾರ ಕಳೆದು ನಮ್ಮೂರ ಜಾತ್ರೆ. ಮೇಲಿನ ದನಿ ಎತ್ತಿದರೆ ಏಳಲಿಲ್ಲ. ಹಿಮ್ಮೇಳದವರೇ ಪದ ಮುಗಿಸಿದರು.

ಮನೆಗೆ ಬಂದು ಬೇಸರದಲ್ಲಿ ಹೇಳಿಕೊಂಡಾಗ ಮಗ ಅಂದ, "ನನಗೆ ಮೂರು ವರ್ಷದಿಂದ ದಿನಾ ಹಿಂಗೇ ಅಪ್ಪಾ." ಬೆಳಿಗ್ಗೆ ಅವನು ಕೆಮ್ಮೋದು ಕೇಳ್ತಿದ್ದೆ. ಎಳೆ ವಯಸ್ಸು, ಬಿಡು ಅಂದುಕೊಂಡಿದ್ದೆ. ನನ್ನ ದನಿ ಹೋದ ಮೇಲೆ ತಾನೇ ಅವನ ಕೆಮ್ಮು ನನಗೆ ಕೇಳಿಸಿದ್ದು!

ಇಬ್ಬರೂ ಗಂಟಲಿನ ಡಾಕ್ಟರ ಹತ್ತಿರ ಹೋದೆವು. ಅವರು ಹೇಳಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ. ಕಣದ ಹೊಟ್ಟು ದಪ್ಪ. ಮೂಗಿನ ಕೂದಲು, ಸಿಂಬಳ ಅದನ್ನ ಹಿಡಿದು ಹೊರಗೆ ಹಾಕ್ತವೆ, ಟವಲೂ ತಡೀತದೆ. ಡೀಸೆಲ್ ಹೊಗೆಯ ಕಣಗಳು ಹಾಗಲ್ಲ. ನಮ್ಮ ತಲೆಗೂದಲಿಗಿಂತ ಎಷ್ಟೋ ಪಾಲು ಸಣ್ಣ, ಕಣ್ಣಿಗೇ ಕಾಣವು. ಭತ್ತ ಜರಡಿ ಹಿಡಿಯೋ ಜರಡಿಯಲ್ಲಿ ಹಿಟ್ಟು ನಿಲ್ತದಾ? ಟವಲಿನ ನೂಲಿನ ಸಂದಿಯಲ್ಲಿ ಅವು ಹಾಗೇ ನುಗ್ಗಿ ಎದೆಯ ಆಳಕ್ಕೆ ಇಳೀತವೆ. ಟವಲು ಒದ್ದೆ ಮಾಡಿಕೊಂಡರೂ ಅಷ್ಟೆ.

ಅದಕ್ಕೆ ಎನ್95 ಅನ್ನೋ ಮಾಸ್ಕು ಬೇಕು. ಅದರಲ್ಲಿ ಅತಿ ಸಣ್ಣ ಕಣಗಳಲ್ಲಿ ನೂರಕ್ಕೆ 95ನ್ನಾದರೂ ಹಿಡಿಯೋ ಪದರ ಇರ್ತದೆ. ಆದರೆ ಅದು ಮುಖಕ್ಕೆ ಅಂಟಿ ಕೂತರೆ ಮಾತ್ರ. ಮಗ ಮೊದಲು ಸುಮ್ಮನೆ ಕಿವಿಗೆ ಸಿಕ್ಕಿಸಿಕೊಂಡ, ಕನ್ನಡಕ ಮಂಜಾಯ್ತು. ಅಂದರೆ ಮೂಗಿನ ಪಕ್ಕದಲ್ಲಿ ಸಂದಿ ಇದೆ, ಉಸಿರು ಹೋಗೋ ದಾರಿಯಲ್ಲೇ ಹೊಗೆಯೂ ಬರ್ತದೆ. ಮೂಗಿನ ಮೇಲಿನ ತಂತಿಯನ್ನ ಎರಡೂ ಕೈಯಿಂದ ಒತ್ತಿ ಕೂರಿಸಿದ. ಅಂಗೈ ಸುತ್ತ ಹಿಡಿದು ಜೋರಾಗಿ ಉಸಿರು ಬಿಟ್ಟು, ಅಂಚಲ್ಲಿ ಗಾಳಿ ತಾಕದಂತೆ ಸರಿಮಾಡಿಕೊಂಡ. ದಟ್ಟ ಗಡ್ಡ ಇದ್ದರೆ ಮಾಸ್ಕು ಹಾಗೆ ಕೂರೋದಿಲ್ಲ, ಅದಕ್ಕೆ ಗಡ್ಡ ತೆಗೆಸಿದ. ಇದನ್ನ ಒಗೆಯಬಾರದು, ಒಗೆದರೆ ಹಿಡಿಯೋ ಶಕ್ತಿ ಹೋಗ್ತದೆ. ಮನೆಗೆ ಬಂದು ಕಾಗದದ ಚೀಲದಲ್ಲಿ ಇಡ್ತಾನೆ. ಕೊಳೆಯಾದರೆ, ಒದ್ದೆಯಾದರೆ, ದಾರ ಸಡಿಲವಾದರೆ, ಉಸಿರಾಡೋಕೆ ಕಷ್ಟವಾದರೆ ಎಸೀತಾನೆ. ಒಂದು ಮಾತು: ಹೊಗೆಯ ವಾಸನೆ ಆಗಲೂ ಬರ್ತದೆ. ಈ ಮಾಸ್ಕು ಕಣ ತಡೀತದೆ, ಹೊಗೆಯಲ್ಲಿರೋ ಅನಿಲಗಳನ್ನ ತಡೆಯೋದಿಲ್ಲ.

ಹಾಗಾಗಿ ಹೊಗೆಯಿಂದ ದೂರ ಇರೋದೂ ಬೇಕು. ಮೊದಲು ಸಿಗ್ನಲಲ್ಲಿ ಲಾರಿಯ ಬಾಲ ಹಿಡಿದು ನಿಲ್ತಿದ್ದ. ಈಗ ಎರಡು ಗಾಡಿ ಹಿಂದೆ, ಸೈಲೆನ್ಸರು ಇಲ್ಲದ ಕಡೆ ನಿಲ್ತಾನೆ. ಹೊಗೆ ನಾಲ್ಕು ಮಾರು ದೂರ ಹೋದರೂ ಎಷ್ಟೋ ಚದರಿ ಹೋಗಿರ್ತದೆ. ಬಸ್ಸಲ್ಲಿ ಹೋಗೋರು ನಿಂತ ಟ್ರಾಫಿಕ್‌ನಲ್ಲಾದರೂ ಕಿಟಕಿ ಮುಚ್ಚಬೇಕು.

ಕೆರೆತಕ್ಕೆ ನಾನು ಮಾಡೋದು ಇಷ್ಟೆ: ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಗಂಟಲಲ್ಲಿ ಗಳಗಳ ಅನ್ನಿಸಿ ಉಗುಳೋದು. ಆಮೇಲೆ ಆಗಾಗ ನೀರು ಕುಡಿಯೋದು. ಇದು ಗಂಟಲಿಗೆ ಹಿತ, ಎದೆಗಿಳಿದ ಹೊಗೆಯನ್ನ ತೆಗೆಯೋದಿಲ್ಲ. ಕೆರೀತದೆ ಅಂತ ಪದೇಪದೇ ಕ್ಯಾಕರಿಸಬಾರದು. ಹಾಗೆ ಮಾಡಿದರೆ ದನಿಯ ತಂತುಗಳು ಒಂದಕ್ಕೊಂದು ಬಡಿದು ಇನ್ನೂ ಊದಿಕೊಳ್ತವೆ. ನಾನು ಜಾತ್ರೆ ಹಿಂದಿನ ದಿನವೆಲ್ಲಾ ಅದನ್ನೇ ಮಾಡಿದ್ದೆ. ಈಗ ಒಂದು ಗುಟುಕು ನೀರು ನುಂಗ್ತೀನಿ.

ಎರಡು ವಾರಕ್ಕೂ ಕೆಮ್ಮು ಬಿಡದಿದ್ದರೆ, ಮೂರು ವಾರಕ್ಕೂ ದನಿ ಒಡೆದೇ ಇದ್ದರೆ, ಕಫದಲ್ಲಿ ರಕ್ತ ಕಂಡರೆ, ಉಸಿರು ಸುಯ್‌ಗುಟ್ಟಿದರೆ ಮನೆಮದ್ದು ಸಾಕು ಮಾಡಿ ಡಾಕ್ಟರ ಹತ್ತಿರ ಹೋಗಬೇಕು. ನಾವು ಮೂರು ವರ್ಷ ತಡ ಮಾಡಿದೆವು.

ಮಾಸ್ಕು ಹಾಕಿದ ಮೊದಲ ವಾರ "ಉಸಿರು ಕಟ್ತದೆ" ಅಂತ ಗೊಣಗಿದ. ತಿಂಗಳ ಹೊತ್ತಿಗೆ ಬೆಳಗಿನ ಕೆಮ್ಮು ತುಂಬಾ ಕಡಿಮೆಯಾಯ್ತು, ಪೂರಾ ನಿಂತಿಲ್ಲ. ಆ ರಸ್ತೆಯಲ್ಲಿ ಓಡಾಡೋ ತನಕ ಪೂರಾ ನಿಲ್ಲೋದೂ ಕಷ್ಟವೇ. ನಮ್ಮೂರಿಂದ ಇಪ್ಪತ್ತು ಮೂವತ್ತು ಹುಡುಗರು ಅದೇ ದಾರಿಯಲ್ಲಿ ಹೋಗ್ತಾರೆ, ಮುಖಕ್ಕೆ ಕರ್ಚೀಫು ಕಟ್ಟಿಕೊಂಡು. ರಸ್ತೆಗೆ ಅದು ಸಾಲದು ಅಂತ ಅವರಿಗೆ ಹೇಳೋಕೇ ಇದನ್ನ ಬರೆದೆ.