ಮಲ್ಲಿಗೆಗೆ ಹಬೆ ಒಗ್ಗಲ್ಲ

ದಾವಣಗೆರೆ, ಹರಿಹರದ ಮಾರ್ಕೆಟ್ಟುಗಳಲ್ಲಿ ಸಂಜೆ ಮಾರಾಟವಾಗದೆ ಉಳಿದ ಮಲ್ಲಿಗೆ ಮರುದಿನ ಕಸದ ಪಾಲು. ಅದನ್ನು ನೋಡಿದ ಕೆಮಿಕಲ್ ಎಂಜಿನಿಯರಿಂಗ್ ಹುಡುಗರ ತಲೆಗೆ ಮೊದಲು ಬರೋದು ಒಂದೇ ಮಾತು: ಭಟ್ಟಿ ಇಳಿಸಿ ಎಣ್ಣೆ ತೆಗೆದರೆ ಹೂವಿನವರಿಗೆ ನಾಲ್ಕು ಕಾಸು ಬರುತ್ತಲ್ಲ? ನಾವು ಮೂವರು ಮಿನಿ ಪ್ರಾಜೆಕ್ಟಿಗೆ ಇದನ್ನೇ ಎತ್ತಿಕೊಂಡೆವು. ಮೂರು ವಿಧಾನ, ಪ್ರತಿಯೊಂದಕ್ಕೂ ಅರ್ಧ ಕೆಜಿ ಮೊಗ್ಗು.

ಮೊದಲು ಹಬೆ. ಎಣ್ಣೆ ಮತ್ತು ನೀರು ಒಂದರಲ್ಲೊಂದು ಕರಗದ ಕಾರಣ ಎರಡರ ಆವಿಯ ಒತ್ತಡ ಕೂಡಿಕೊಳ್ಳುತ್ತೆ. ಹಾಗಾಗಿ 212 ಡಿಗ್ರಿ ಆಸುಪಾಸಿನಲ್ಲಿ ಕುದಿಯುವ ಬೆಂಜೈಲ್ ಅಸಿಟೇಟ್ ಕೂಡ ನೀರಿನ ಜೊತೆ 100 ಡಿಗ್ರಿಗಿಂತ ಕೆಳಗೇ ಹೊರಟುಬರುತ್ತೆ. ಮಲ್ಲಿಗೆಯ ಕಂಪಿನಲ್ಲಿ ದೊಡ್ಡ ಪಾಲು ಇದರದ್ದೇ. ಮೈಸೂರಿನಲ್ಲಿ 1916ರಿಂದ ಗಂಧದೆಣ್ಣೆ ತೆಗೆಯುತ್ತಿರುವುದೂ ಭಟ್ಟಿಯಿಂದಲೇ. ಆದರೆ ಗಂಧದ ಚಕ್ಕೆ ಗಟ್ಟಿ, ಅದರ ಎಣ್ಣೆಯೂ ಗಟ್ಟಿಗ. ಮಲ್ಲಿಗೆ ಹಾಗಲ್ಲ. ಹಬೆ ತಾಕಿದ ಕೂಡಲೇ ದಳಗಳು ಬೆಂದು ಮುದ್ದೆಯಾದವು, ಹಬೆ ಮುದ್ದೆಯ ಪಕ್ಕದಲ್ಲೇ ದಾರಿ ಮಾಡಿಕೊಂಡು ಹೋಯಿತು. ಎರಡು ತಾಸಾದರೂ ಅಳತೆಯ ಕೊಳವೆಯಲ್ಲಿ ಎಣ್ಣೆಯ ಪದರ ಕಾಣಲಿಲ್ಲ. ಇಳಿದ ನೀರು ಬೇಯಿಸಿದ ಸೊಪ್ಪಿನ ವಾಸನೆ ಹೊಡೆಯುತ್ತಿತ್ತು. ಸ್ವಲ್ಪವೇ ಇರುವ ಎಣ್ಣೆ ಅಷ್ಟೊಂದು ನೀರಿನಲ್ಲಿ ಚದುರಿಹೋದರೆ ಮೇಲೆ ತೇಲಿ ಬರುವುದಿಲ್ಲ. ಕನೌಜಿನ ಅತ್ತರಿನವರು ಇದಕ್ಕೇ ಹಬೆಯನ್ನು ನೇರವಾಗಿ ಗಂಧದೆಣ್ಣೆಯೊಳಗೆ ಇಳಿಸುತ್ತಾರೆ. ಬಂದಷ್ಟು ಕಂಪನ್ನು ಆ ಎಣ್ಣೆ ಹಿಡಿದಿಟ್ಟುಕೊಳ್ಳುತ್ತೆ.

ಎರಡನೆಯದು ದ್ರಾವಕ. ಫ್ಯೂಮ್ ಹುಡ್ಡಿನೊಳಗೆ, ಸುತ್ತಮುತ್ತ ಎಲ್ಲೂ ಬೆಂಕಿ ಇಲ್ಲದಂತೆ ನೋಡಿಕೊಂಡು, ಹೂವನ್ನು ಹೆಕ್ಸೇನಿನಲ್ಲಿ ತಣ್ಣಗೆ ನೆನೆಸಿದೆವು. ಹೆಕ್ಸೇನ್ 69 ಡಿಗ್ರಿಗೆ ಕುದಿಯುತ್ತೆ, ನಿರ್ವಾತದಲ್ಲಿ ಇನ್ನೂ ಕಡಿಮೆಗೆ. ಆದ್ದರಿಂದ ಕಂಪನ್ನು ಸುಡದೆ ಅದನ್ನು ಹಾರಿಸಿಬಿಡಬಹುದು. ತಳದಲ್ಲಿ ಉಳಿದದ್ದು ಹಳದಿ ಮೇಣದಂಥ ಪದಾರ್ಥ, ಒಂದೂವರೆ ಗ್ರಾಮಿಗೂ ಕಡಿಮೆ. ಇದಕ್ಕೆ ಕಾಂಕ್ರೀಟ್ ಅಂತ ಹೆಸರು, ಸಿವಿಲ್‌ನವರು ಕ್ಷಮಿಸಬೇಕು. ಹೂವಿನ ಮೇಣವೂ ದ್ರಾವಕದಲ್ಲಿ ಕರಗಿ ಬಂದಿರುತ್ತೆ. ಆಲ್ಕೋಹಾಲಿನಲ್ಲಿ ಕರಗಿಸಿ ಶೂನ್ಯಕ್ಕಿಂತ ಕೆಳಗೆ ತಣಿಸಿದರೆ ಮೇಣ ಹರಳುಗಟ್ಟುತ್ತೆ. ಅದನ್ನು ಸೋಸಿ ಆಲ್ಕೋಹಾಲ್ ಹಾರಿಸಿದರೆ ಉಳಿಯುವುದು ಅಬ್ಸಲ್ಯೂಟ್, ಕಾಂಕ್ರೀಟಿನ ಸುಮಾರು ಅರ್ಧ. ನಮ್ಮದು ಮೂಗಿಗೆ ಮಲ್ಲಿಗೆಯೇ ಆಗಿತ್ತು.

ಮೂರನೆಯದು ಆನ್‌ಫ್ಲೂರಾಜ್, ಅಂದರೆ ಕೊಬ್ಬಿಗೆ ಹೂವಿನ ಕಂಪು ಕುಡಿಸುವುದು. ಬೆಣ್ಣೆದೋಸೆಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫ್ರಿಜ್ಜಿನಲ್ಲಿ ಮುಚ್ಚದೆ ಇಟ್ಟ ಬೆಣ್ಣೆಗೆ ಪಕ್ಕದ ಈರುಳ್ಳಿಯ ವಾಸನೆ ಹತ್ತುವುದು ಎಲ್ಲರಿಗೂ ಗೊತ್ತು. ಆದರೆ ಬೆಣ್ಣೆಯಲ್ಲಿ ನೀರಿನಂಶ ಇದೆ, ಅದಕ್ಕೆ ಅದರದೇ ವಾಸನೆಯೂ ಇದೆ. ಅದಕ್ಕೇ ನಾವು ವಾಸನೆ ಇಲ್ಲದ ವನಸ್ಪತಿಯನ್ನು ಗಾಜಿನ ಮೇಲೆ ತೆಳ್ಳಗೆ ಸವರಿ, ತೇವವಿಲ್ಲದ ಮೊಗ್ಗನ್ನು ಒಂದೊಂದಾಗಿ ಇಟ್ಟೆವು. ಇಪ್ಪತ್ನಾಲ್ಕು ತಾಸಿಗೆ ಹಳೆಯ ಹೂ ತೆಗೆದು ಹೊಸದು. ಅಂಚು ಕಂದಾದ ಹೂ ಒಂದು ಉಳಿದರೂ ಹುಳಿ ವಾಸನೆ ಶುರು. ಇಬ್ಬನಿ ಇದ್ದರೆ ಬೂಷ್ಟು. ಫ್ರಾನ್ಸಿನ ಗ್ರಾಸ್ ಊರಿನಲ್ಲಿ ಹೀಗೆ ವಾರಗಟ್ಟಲೆ ಹೂ ಬದಲಿಸಿ, ಕಂಪು ತುಂಬಿದ ಕೊಬ್ಬನ್ನು ಆಲ್ಕೋಹಾಲಿನಲ್ಲಿ ತೊಳೆದು ಕಂಪನ್ನು ಬಿಡಿಸಿಕೊಳ್ಳುತ್ತಿದ್ದರು. ನಮ್ಮಲ್ಲಿ ಇನ್ನೊಂದು ಕಷ್ಟ: ಮಲ್ಲಿಗೆ ಸುಗ್ಗಿ ಬರೋದೇ ಬೇಸಿಗೆಗೆ, ಆ ಬಿಸಿಲಿಗೆ ವನಸ್ಪತಿ ನಿಲ್ಲದೆ ಕರಗುತ್ತೆ. ಐದು ದಿನ ರಾತ್ರಿ ಹೊತ್ತು ಹೂ ಇಟ್ಟು, ಹಗಲು ತಂಪಾದ ಮೂಲೆಯಲ್ಲಿ ಕಾದೆವು.

ಆದರೂ ಮೂರರಲ್ಲಿ ಗಿಡದ ಮೇಲಿನ ಹೂವಿಗೆ ತೀರಾ ಹತ್ತಿರದ ಕಂಪು ಬಂದದ್ದು ಇದರಿಂದಲೇ. ಕಾರಣ ಹೂವಿನ ಜೀವದಲ್ಲಿದೆ. ಮಲ್ಲಿಗೆ ಕಂಪು ತುಂಬಿಟ್ಟ ಡಬ್ಬಿಯಲ್ಲ. ಕಿತ್ತ ಮೇಲೂ ಅರಳುತ್ತಾ ಕಂಪು ತಯಾರಿಸುತ್ತಲೇ ಇರುತ್ತೆ. ಹಬೆ ಅದನ್ನು ನಿಮಿಷಗಳಲ್ಲಿ ಕೊಲ್ಲುತ್ತೆ. ದ್ರಾವಕವೂ ಕೊಲ್ಲುತ್ತೆ, ಆ ಕ್ಷಣಕ್ಕೆ ಇದ್ದಷ್ಟನ್ನೇ ಎತ್ತಿಕೊಳ್ಳುತ್ತೆ. ಕೊಬ್ಬು ಮಾತ್ರ ಹೂ ಅರಳಿ ಮುಗಿಯುವವರೆಗೆ ಕಾಯುತ್ತೆ. 1900ರ ಆಸುಪಾಸಿನಲ್ಲೇ ಜರ್ಮನಿಯ ಆಲ್ಬರ್ಟ್ ಹೆಸ್ಸೆ, ಅಷ್ಟೇ ಮಲ್ಲಿಗೆಯಿಂದ ದ್ರಾವಕಕ್ಕಿಂತ ಕೊಬ್ಬಿನಲ್ಲಿ ಹಲವು ಪಟ್ಟು ಹೆಚ್ಚು ಎಣ್ಣೆ ಸಿಗುವುದನ್ನು ಅಳೆದು ತೋರಿಸಿದ್ದ. ಆದರೂ ಕಾರ್ಖಾನೆಗಳು ದ್ರಾವಕವನ್ನೇ ಹಿಡಿದವು, ಯಾಕಂದ್ರೆ ಒಂದೊಂದೇ ಹೂ ಇಡೋಕೆ, ತೆಗೆಯೋಕೆ ಕೊಡೋ ಕೂಲಿ ಗಿಟ್ಟಲ್ಲ.

ಹಾಗಾದ್ರೆ ಉಳಿದ ಹೂವಿನ ಕಥೆ? ಹರಿಹರದಲ್ಲಿ ಹೂ ಮಾರುವ ಅಮ್ಮ ಒಬ್ಬರನ್ನು ಕೇಳಿದೆವು. ಅವರು ನಕ್ಕರು: "ರಾತ್ರಿ ಅರಳಿ ಮುಗ್ದಿದ್ ಹೂವಿನಾಗ ಬೆಳಿಗ್ಗಿ ಏನ್ ವಾಸ್ನಿ ಹುಡುಕ್ತೀರಪ್ಪ?" ನಮ್ಮ ವರದಿಯ ತೀರ್ಮಾನವೂ ಅದೇ. ತಾಜಾ ಮೊಗ್ಗು 20 ಕೆಜಿ ಇದ್ದರೆ, ನೂರಕ್ಕೆ 0.3ರ ಲೆಕ್ಕದಲ್ಲಿ ಕಾಂಕ್ರೀಟ್ 60 ಗ್ರಾಂ, ಅಬ್ಸಲ್ಯೂಟ್ 30 ಗ್ರಾಂ. ಅರಳಿ ಬಾಡಿದ ಹೂವಿನಿಂದ ಅಷ್ಟೂ ಬರಲ್ಲ. ಹೂವಿನಹಡಗಲಿ ಕಡೆಯ ಬೆಳೆಗಾರರಿಗೆ ಎಣ್ಣೆಯಿಂದ ದುಡ್ಡು ಬರಬೇಕಾದರೆ ರೇಟು ಬಿದ್ದ ದಿನ ಮೊಗ್ಗು ಮಧ್ಯಾಹ್ನದೊಳಗೇ ದ್ರಾವಕದ ಘಟಕ ಸೇರಬೇಕು. ಸಂಜೆವರೆಗೆ ಗಿರಾಕಿಗಾಗಿ ಕಾದು ಆಮೇಲೆ ಕೊಡೋಣ ಅಂದರೆ, ಅಷ್ಟರಲ್ಲಿ ಕಂಪು ಮಾರ್ಕೆಟ್ಟಿನ ಗಾಳಿಗೆ ಸೇರಿರುತ್ತೆ.